ಎರಡು ತೊಟ್ಟಿಗಳ ನಡುವಿನ ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ? ಶಕ್ತಿ ಸಮೀಕರಣ ಹಿಡಿದು ಊಹಿಸಿ ತಿದ್ದುವ ಲೆಕ್ಕ

ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ಒಂದು ಪೈಪು. ಮೋಟಾರಿಲ್ಲ. ವಾಲ್ವ್ ತೆರೆದರೆ ಸೆಕೆಂಡಿಗೆ ಎಷ್ಟು ಲೀಟರ್ ಇಳಿಯುತ್ತದೆ? ಕೇಳಲು ಸುಲಭದ ಪ್ರಶ್ನೆ, ಆದರೆ ಲೆಕ್ಕಕ್ಕೆ ಕೂತರೆ ಒಂದು ಸುತ್ತು ಎದುರಾಗುತ್ತದೆ. ವೇಗ ತಿಳಿಯಬೇಕಾದರೆ ಘರ್ಷಣೆಯ ಗುಣಾಂಕ ಬೇಕು, ಘರ್ಷಣೆಯ ಗುಣಾಂಕ ತಿಳಿಯಬೇಕಾದರೆ ವೇಗ ಬೇಕು. ಈ ಸುತ್ತನ್ನು ಬಿಡಿಸುವ ದಾರಿ ಊಹಿಸಿ ತಿದ್ದುವುದು. ಒಂದು ಬೆಲೆ ಊಹಿಸಬೇಕು, ಲೆಕ್ಕ ಮಾಡಬೇಕು, ಬಂದ ಉತ್ತರದಿಂದ ಊಹೆಯನ್ನು ತಿದ್ದಬೇಕು, ಮತ್ತೆ ಲೆಕ್ಕ ಮಾಡಬೇಕು. ಸಾಮಾನ್ಯವಾಗಿ ಮೂರನೇ ಸಲಕ್ಕೆ ಅಂಕಿ ಅಲುಗಾಡುವುದು ನಿಲ್ಲುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ಮಲೆನಾಡಿನ ತೋಟವೊಂದರ ಇಳಿಜಾರು ಎಂದುಕೊಳ್ಳಿ. ಗುಡ್ಡದ ಮೇಲೆ ಒರತೆ ನೀರು ತುಂಬುವ ತೊಟ್ಟಿ, ಕೆಳಗೆ ಕಣದ ಪಕ್ಕ ಇನ್ನೊಂದು ತೊಟ್ಟಿ. ನಡುವೆ 180 ಮೀಟರ್ ಉದ್ದದ, ಎರಡು ಇಂಚಿನ ಜಿಐ ಪೈಪು. ಎರಡೂ ತೊಟ್ಟಿಗಳ ನೀರಿನ ಮಟ್ಟದ ನಡುವೆ 9 ಮೀಟರ್ ಎತ್ತರದ ವ್ಯತ್ಯಾಸ. ಪೈಪಿನ ಕೆಳತುದಿ ಕೆಳಗಿನ ತೊಟ್ಟಿಯ ನೀರಿನಲ್ಲಿ ಮುಳುಗಿದೆ.

ಸಮೀಕರಣವನ್ನು ಎಲ್ಲಿಂದ ಎಲ್ಲಿಗೆ ಬರೆಯಬೇಕು

ಶಕ್ತಿ ಸಮೀಕರಣವನ್ನು ಯಾವ ಎರಡು ಬಿಂದುಗಳ ನಡುವೆ ಬೇಕಾದರೂ ಬರೆಯಬಹುದು. ಆದರೆ ಪೈಪಿನ ಬಾಯಿಂದ ಬಾಯಿಗೆ ಬರೆದರೆ ಅಲ್ಲಿನ ಒತ್ತಡವೂ ವೇಗವೂ ಗೊತ್ತಿಲ್ಲದೆ ಕೈಕಟ್ಟಿ ಕೂರಬೇಕಾಗುತ್ತದೆ. ಜಾಣತನ ಇರುವುದು ಬಿಂದುಗಳ ಆಯ್ಕೆಯಲ್ಲಿ. ಒಂದನೇ ಬಿಂದುವನ್ನು ಮೇಲಿನ ತೊಟ್ಟಿಯ ನೀರಿನ ಮೇಲ್ಮೈಯಲ್ಲಿ ಇಡಿ, ಎರಡನೇ ಬಿಂದುವನ್ನು ಕೆಳಗಿನ ತೊಟ್ಟಿಯ ನೀರಿನ ಮೇಲ್ಮೈಯಲ್ಲಿ. ಕೆಳಗಿನ ಸಮೀಕರಣದಲ್ಲಿ p ಒತ್ತಡ, V ವೇಗ, z ಎತ್ತರ, ρ ನೀರಿನ ಸಾಂದ್ರತೆ, g ಗುರುತ್ವ ವೇಗೋತ್ಕರ್ಷ, hL ದಾರಿಯಲ್ಲಿ ಆಗುವ ನಷ್ಟ.

```
p1/(ρg) + V1²/(2g) + z1 = p2/(ρg) + V2²/(2g) + z2 + hL
```

ಎರಡೂ ಮೇಲ್ಮೈಗಳು ಗಾಳಿಗೆ ತೆರೆದಿವೆ, ಆದ್ದರಿಂದ ಒತ್ತಡದ ಪದಗಳೆರಡೂ ಸಮ, ಹೊಡೆದುಹೋಗುತ್ತವೆ. ತೊಟ್ಟಿ ಅಗಲವಾಗಿರುವುದರಿಂದ ಮೇಲ್ಮೈ ಇಳಿಯುವ ಅಥವಾ ಏರುವ ವೇಗ ನಿಮಿಷಕ್ಕೆ ಕೆಲವು ಸೆಂಟಿಮೀಟರ್ ಮಾತ್ರ, ಅದರ ವರ್ಗವನ್ನು 2gಯಿಂದ ಭಾಗಿಸಿದರೆ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಉಳಿಯುವುದು ಇಷ್ಟೇ:

```
z1 - z2 = H = hL
```

ಅಂದರೆ 9 ಮೀಟರ್ ಎತ್ತರದ ಶಕ್ತಿ ಪೂರ್ತಿಯಾಗಿ ದಾರಿಯ ನಷ್ಟಕ್ಕೇ ಖರ್ಚಾಗುತ್ತದೆ. ಹರಿವು ಯಾವ ವೇಗದಲ್ಲಿ ನೆಲೆಗೊಳ್ಳುತ್ತದೆ ಎಂದರೆ, ನಷ್ಟ ಸರಿಯಾಗಿ 9 ಮೀಟರ್ ಆಗುವ ವೇಗದಲ್ಲಿ. ವೇಗ ಅದಕ್ಕಿಂತ ಕಡಿಮೆಯಿದ್ದರೆ ಶಕ್ತಿ ಮಿಕ್ಕುತ್ತದೆ, ನೀರು ಇನ್ನೂ ಜೋರಾಗುತ್ತದೆ. ಹೆಚ್ಚಿದ್ದರೆ ಶಕ್ತಿ ಸಾಲದೆ ನಿಧಾನವಾಗುತ್ತದೆ. ಮುಂದಿನ ಲೆಕ್ಕವೆಲ್ಲ ಈ ಸಮತೋಲದ ವೇಗವನ್ನು ಹುಡುಕುವುದೇ.

ನಷ್ಟದಲ್ಲಿ ಎರಡು ಭಾಗ. ಪೈಪಿನ ಉದ್ದಕ್ಕೂ ಆಗುವ ಘರ್ಷಣೆ ಒಂದು. ಬಾಯಿ, ಎಲ್ಬೋ, ವಾಲ್ವ್, ಕೊನೆಯ ತುದಿ ಇಲ್ಲೆಲ್ಲ ಆಗುವ ಬಿಡಿ ನಷ್ಟಗಳು ಇನ್ನೊಂದು. L ಪೈಪಿನ ಉದ್ದ, D ಅದರ ಒಳವ್ಯಾಸ, V ಪೈಪಿನಲ್ಲಿ ನೀರಿನ ವೇಗ, f ಘರ್ಷಣೆಯ ಗುಣಾಂಕ, ΣK ಬಿಡಿ ನಷ್ಟಗಳ ಗುಣಾಂಕಗಳ ಮೊತ್ತ ಎಂದಿಟ್ಟುಕೊಂಡು ಎರಡನ್ನೂ ಸೇರಿಸಿದರೆ:

```
H = ( f·L/D + ΣK ) · V²/(2g)
V = √[ 2gH / ( f·L/D + ΣK ) ]
```

ಇಲ್ಲಿ ಒಂದು ಎಚ್ಚರ. ಮೇಲಿನ f ಡಾರ್ಸಿ ಗುಣಾಂಕ. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ಸಿವಿಲ್ ಪುಸ್ತಕಗಳಲ್ಲಿ ಘರ್ಷಣೆಯ ಸೂತ್ರ `4fLV²/(2gD)` ಎಂದಿರುತ್ತದೆ. ಅಲ್ಲಿನ f ಇದರ ಕಾಲು ಭಾಗ. ಒಂದು ಪುಸ್ತಕದ f ತೆಗೆದು ಇನ್ನೊಂದರ ಸೂತ್ರಕ್ಕೆ ಹಾಕಿದರೆ ಘರ್ಷಣೆ ನಾಲ್ಕು ಪಟ್ಟು ತಪ್ಪುತ್ತದೆ, ನಮ್ಮ ಉದಾಹರಣೆಯಲ್ಲಿ ಹರಿವು ಸುಮಾರು ದುಪ್ಪಟ್ಟೋ ಅರ್ಧವೋ ಆಗಿಬಿಡುತ್ತದೆ. ಯಾವುದು ಯಾವುದೆಂದು ಪತ್ತೆ ಹಚ್ಚಲು ಆ ಪುಸ್ತಕದಲ್ಲಿ ಪದರ ಹರಿವಿನ, ಅಂದರೆ ನೀರು ಕದಡದೆ ಪದರ ಪದರವಾಗಿ ಸಾಗುವ ಹರಿವಿನ ಸೂತ್ರ ನೋಡಿ. ಅದರಲ್ಲಿನ Re ಎಂದರೆ ರೆನಾಲ್ಡ್ಸ್ ಸಂಖ್ಯೆ. `64/Re` ಎಂದಿದ್ದರೆ ಡಾರ್ಸಿಯದು, `16/Re` ಎಂದಿದ್ದರೆ ಕಾಲು ಭಾಗದ್ದು.

ಅಂಕಿಗಳನ್ನು ಕೂಡಿಸುವುದು

ಲೆಕ್ಕಕ್ಕಿಂತ ಹೆಚ್ಚು ತಪ್ಪು ಆಗುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮೊದಲು H. ಇದು ನೀರಿನ ಮೇಲ್ಮೈಯಿಂದ ಮೇಲ್ಮೈಗೆ ಇರುವ ಎತ್ತರ, ತೊಟ್ಟಿಯ ತಳದಿಂದ ತಳಕ್ಕಲ್ಲ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರ ಹಲವು ಮೀಟರ್ ಆಚೀಚೆ ಇರಬಹುದು, 9 ಮೀಟರ್ ಅಳೆಯಲು ಅದನ್ನು ನಂಬುವಂತಿಲ್ಲ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಹಂತ ಹಂತವಾಗಿ ಲೆವೆಲ್ ಇಳಿಸಿಕೊಂಡು ಬರಬಹುದು. ಪೈಪು ಆಗಲೇ ಹಾಕಿದ್ದರೆ ಅದಕ್ಕಿಂತ ಸುಲಭದ ದಾರಿ ಇದೆ. ಕೆಳತುದಿಯ ವಾಲ್ವ್ ಮುಚ್ಚಿ, ಅದರ ಮೇಲ್ಬದಿಗೆ ಒತ್ತಡದ ಗೇಜ್ ಕೂರಿಸಿ. ನೀರು ನಿಂತಿರುವಾಗ ನಷ್ಟ ಸೊನ್ನೆ, ಗೇಜ್ ತೋರಿಸುವುದು ಬರೀ ಎತ್ತರವನ್ನು. 1 ಕೆಜಿ/ಸೆಂಮೀ² ಎಂದರೆ 10 ಮೀಟರ್. ಗೇಜ್ ಕೆಳಗಿನ ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ ಆ ಅರ್ಧ ಮೀಟರನ್ನು ಕೂಡಿಸಿಕೊಳ್ಳಿ. 0ರಿಂದ 10 ಕೆಜಿವರೆಗಿನ ಗೇಜ್ ಇಲ್ಲಿ ಪ್ರಯೋಜನವಿಲ್ಲ, ಮುಳ್ಳು ಅಲ್ಲಾಡಿದ್ದೂ ಕಾಣುವುದಿಲ್ಲ. 0ರಿಂದ 2.5 ಕೆಜಿಯದ್ದು ತನ್ನಿ.

ಎರಡನೆಯದು ಒಳವ್ಯಾಸ. ಎರಡು ಇಂಚು, 50 ಎಂಬುದೆಲ್ಲ ಅಂಗಡಿಯ ಹೆಸರು. 50 ಮಿಮೀ ಎಂದು ಕರೆಯುವ ಮಧ್ಯಮ ದರ್ಜೆಯ ಜಿಐ ಪೈಪಿನ ಹೊರವ್ಯಾಸ 60.3 ಮಿಮೀ, ಗೋಡೆ 3.6 ಮಿಮೀ, ಹಾಗಾಗಿ ಒಳವ್ಯಾಸ ಸುಮಾರು 53 ಮಿಮೀ. ಎಚ್‌ಡಿಪಿಇ ಪೈಪಿನಲ್ಲಿ ಇದು ಉಲ್ಟಾ. 63 ಎಂದರೆ ಹೊರವ್ಯಾಸ, ಗೋಡೆ 3.8 ಮಿಮೀ ಇದ್ದರೆ ಒಳಗೆ ಸಿಗುವುದು 55.4 ಮಿಮೀ ಮಾತ್ರ. ಇದು ಹಟಕ್ಕೆ ಹೇಳುವ ಸೂಕ್ಷ್ಮವಲ್ಲ. ಹರಿವು ವ್ಯಾಸದ ಎರಡೂವರೆ ಘಾತಕ್ಕಿಂತ ತುಸು ಜಾಸ್ತಿಯಾಗಿ ಬದಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ 53ರ ಬದಲು 50 ಹಾಕಿದರೆ ಉತ್ತರ ಶೇ 14ರಷ್ಟು ಕಡಿಮೆ ಬರುತ್ತದೆ.

ಮೂರನೆಯದು ಒಳಗೋಡೆಯ ಒರಟುತನ ε. ಹೊಸ ಜಿಐ ಪೈಪಿಗೆ 0.15 ಮಿಮೀ ಹಿಡಿಯುವುದು ರೂಢಿ. ನಾಲ್ಕನೆಯದು ನೀರಿನ ಸ್ನಿಗ್ಧತೆ ν, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.9 × 10⁻⁶ ಮೀ²/ಸೆ.

ಕೊನೆಯದಾಗಿ ಬಿಡಿ ನಷ್ಟಗಳ K. ತೊಟ್ಟಿಯ ಗೋಡೆಗೆ ಸಮವಾಗಿ ಕೂರಿಸಿದ ಚೂಪು ಅಂಚಿನ ಬಾಯಿಗೆ 0.5, ಪೂರ್ತಿ ತೆರೆದ ಗೇಟ್ ವಾಲ್ವಿಗೆ 0.2, ನಾಲ್ಕು ಎಲ್ಬೋಗಳಿಗೆ ತಲಾ 0.9ರಂತೆ 3.6, ಕೆಳಗಿನ ತೊಟ್ಟಿಯ ನೀರಿಗೆ ಸೇರುವ ತುದಿಗೆ 1.0. ಒಟ್ಟು ΣK = 5.3. ಥ್ರೆಡ್ ಎಲ್ಬೋಗೆ ಕೆಲವು ಕೋಷ್ಟಕಗಳು 1.5 ಕೊಡುತ್ತವೆ. ಅದನ್ನೇ ಹಾಕಿದರೂ ಈ ಉದ್ದದ ಪೈಪಿನಲ್ಲಿ ಉತ್ತರ ಬದಲಾಗುವುದು ಶೇ ಒಂದಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ, ತಲೆಕೆಡಿಸಿಕೊಳ್ಳಬೇಕಿಲ್ಲ. ಪೈಪು ಐದೋ ಹತ್ತೋ ಮೀಟರ್ ಉದ್ದದ್ದಾದರೆ ಮಾತು ಬೇರೆ, ಅಲ್ಲಿ ಬಿಡಿ ನಷ್ಟಗಳದ್ದೇ ಕಾರುಬಾರು.

ತುದಿಯ 1.0 ಬಗ್ಗೆ ಒಂದು ಗೊಂದಲ ಪದೇ ಪದೇ ಬರುತ್ತದೆ. ಪೈಪಿನ ತುದಿ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ತೆರೆದುಕೊಂಡಿದ್ದರೆ ಎರಡನೇ ಬಿಂದುವನ್ನು ಆ ತುದಿಯಲ್ಲೇ ಇಡಬೇಕು. ಆಗ H ಎಂದರೆ ಮೇಲಿನ ನೀರಿನ ಮಟ್ಟದಿಂದ ಪೈಪಿನ ತುದಿಯವರೆಗಿನ ಎತ್ತರ. ತುದಿಯ ಕೆಳಗೆ ನೀರು ಬೀಳುವ ಎತ್ತರ ಲೆಕ್ಕಕ್ಕಿಲ್ಲ. ಅಲ್ಲಿ ನಿರ್ಗಮನ ನಷ್ಟವೂ ಇಲ್ಲ, ಆದರೆ ಹೊರಬರುವ ನೀರಿನ `V²/(2g)` ಸಮೀಕರಣದಲ್ಲಿ ಉಳಿಯುತ್ತದೆ. ಎರಡು ಸಂದರ್ಭದಲ್ಲೂ ಸಿಗುವುದು ಒಂದೇ 1.0. ಅದನ್ನು ಒಂದು ಸಲ ಮಾತ್ರ ಸೇರಿಸಬೇಕು.

ಊಹಿಸುವುದು, ತಿದ್ದುವುದು

f ಕಂಡುಹಿಡಿಯಲು, Re ಮತ್ತು ಒರಟುತನ ಹಿಡಿದು f ಓದಿಕೊಳ್ಳುವ ಮೂಡಿ ಎಂಬುವರ ನಕ್ಷೆ ಬಳಸಬಹುದು. ಕ್ಯಾಲ್ಕುಲೇಟರ್ ಕೈಯಲ್ಲಿದ್ದರೆ ಭಾರತದವರೇ ಆದ ಸ್ವಾಮಿ ಮತ್ತು ಜೈನ್ 1976ರಲ್ಲಿ ಕೊಟ್ಟ ಸೂತ್ರ ಹೆಚ್ಚು ಅನುಕೂಲ. f ಹುಡುಕಲು ರೂಢಿಯಲ್ಲಿರುವ ಕೋಲ್‌ಬ್ರೂಕ್ ಸಮೀಕರಣದಲ್ಲಿ f ಎರಡೂ ಬದಿಗೆ ಕೂತಿರುತ್ತದೆ, ಇದರಲ್ಲಿ ನೇರವಾಗಿ ಸಿಗುತ್ತದೆ. ನಮ್ಮಂಥ ಲೆಕ್ಕದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಶೇ ಒಂದರ ಆಸುಪಾಸು.

```
Re = V·D/ν
f  = 0.25 / [ log10( ε/(3.7D) + 5.74/Re^0.9 ) ]²
```

ಇದು Re 5000ಕ್ಕಿಂತ ಹೆಚ್ಚಿದ್ದು, ε/D ನೂರರಲ್ಲೊಂದು ಭಾಗವನ್ನು ಮೀರದಿದ್ದಾಗ ನಂಬಬಹುದಾದ ಸೂತ್ರ.

ಮೊದಲ ಊಹೆ ಯಾವುದು? ವೇಗ ಗೊತ್ತಿಲ್ಲ, ಹಾಗಾಗಿ Re ಗೊತ್ತಿಲ್ಲ. Re ಬಹಳ ದೊಡ್ಡದು ಎಂದುಕೊಂಡು ಆ ಪದವನ್ನೇ ಬಿಟ್ಟುಬಿಡಿ. ಉಳಿಯುವುದು ಒರಟುತನದ ಪದ ಮಾತ್ರ. `ε/D = 0.15/53 = 0.00283`, ಅದನ್ನು 3.7ರಿಂದ ಭಾಗಿಸಿದರೆ 0.000765, ಅದರಿಂದ f = 0.0257.

ಮೊದಲ ಸುತ್ತು. `L/D = 180/0.053 = 3396`. ಆವರಣದೊಳಗಿನ ಮೊತ್ತ `0.0257 × 3396 + 5.3`, ಅಂದರೆ ಸುಮಾರು 92.7. ಮೇಲೆ `2gH = 2 × 9.81 × 9 = 176.6`. ಭಾಗಿಸಿ ವರ್ಗಮೂಲ ತೆಗೆದರೆ V = 1.38 ಮೀ/ಸೆ. ಈ ವೇಗಕ್ಕೆ Re ಸುಮಾರು 81,300. ಈಗ ಸೂತ್ರದಲ್ಲಿ ಎರಡೂ ಪದ ಹಾಕಿದರೆ f = 0.0276. ಊಹೆಗಿಂತ ಹೆಚ್ಚು ಬಂತು, ತಿದ್ದಬೇಕು.

ಎರಡನೇ ಸುತ್ತು. `0.0276 × 3396 + 5.3`, ಸುಮಾರು 99.2. V = 1.334 ಮೀ/ಸೆ. Re ಸುಮಾರು 78,600. f = 0.0277.

ಮೂರನೇ ಸುತ್ತು. ಮೊತ್ತ 99.4, V = 1.333 ಮೀ/ಸೆ. ವೇಗ ಸಾವಿರದಲ್ಲೊಂದು ಭಾಗವೂ ಬದಲಾಗಲಿಲ್ಲ. ನಿಲ್ಲಿಸಬಹುದು.

ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ 0.002206 ಮೀ². ಅದನ್ನು ವೇಗದಿಂದ ಗುಣಿಸಿದರೆ ಸೆಕೆಂಡಿಗೆ 2.94 ಲೀಟರ್, ನಿಮಿಷಕ್ಕೆ 176 ಲೀಟರ್. 10,000 ಲೀಟರ್ ತುಂಬಲು ಒಂದು ಗಂಟೆಗೆ ಸ್ವಲ್ಪ ಕಡಿಮೆ.

ಉತ್ತರ ಬಂದಮೇಲೆ ಅದನ್ನು ಮೂಲ ಸಮೀಕರಣಕ್ಕೆ ವಾಪಸ್ ಹಾಕಿ ನೋಡದೆ ಕಾಗದ ಮಡಚಬೇಡಿ. `V²/(2g)` = 0.0906 ಮೀ. ಘರ್ಷಣೆ `94.1 × 0.0906 = 8.52` ಮೀ, ಬಿಡಿ ನಷ್ಟ `5.3 × 0.0906 = 0.48` ಮೀ. ಕೂಡಿದರೆ 9.00 ಮೀ. ತಾಳೆಯಾಯಿತು. ಇಲ್ಲಿ 9 ಬಾರದಿದ್ದರೆ ಸುತ್ತು ಮುಗಿದಿಲ್ಲ, ಅಥವಾ ಎಲ್ಲೋ ಮಿಲಿಮೀಟರ್ ಮೀಟರ್ ಕಲಸಿದೆ.

ಮೊದಲ ಊಹೆ ಪೂರಾ ತಪ್ಪಿದ್ದರೆ ಏನಾಗುತ್ತದೆ? f = 0.04 ಎಂದು ಶುರುಮಾಡಿ ನೋಡಿ. ವೇಗ 1.12 ಬರುತ್ತದೆ, ಅದರಿಂದ f 0.0280ಕ್ಕೆ ಇಳಿಯುತ್ತದೆ, ಮುಂದಿನ ವೇಗ 1.326. ಎರಡೇ ಹೆಜ್ಜೆಗೆ ದಾರಿಗೆ ಬಂತು. ಕಾರಣ ಸರಳ. f ಶೇ 10 ತಪ್ಪಿದರೆ ವೇಗ ಶೇ 5 ಮಾತ್ರ ತಪ್ಪುತ್ತದೆ, ಯಾಕೆಂದರೆ ನಡುವೆ ವರ್ಗಮೂಲ ಇದೆ. ವೇಗ ಶೇ 5 ತಪ್ಪಿದರೆ ಒರಟು ಪೈಪಿನಲ್ಲಿ f ಅಲುಗುವುದು ಶೇ ಅರ್ಧಕ್ಕೂ ಕಡಿಮೆ. ಹಾಗಾಗಿ ಪ್ರತಿ ಸುತ್ತಿಗೂ ತಪ್ಪು ಕರಗುತ್ತಾ ಹೋಗುತ್ತದೆ. ಈ ಭರವಸೆ ಕೈಕೊಡುವ ಜಾಗ ಒಂದೇ: Re 2000ದಿಂದ 4000ದ ನಡುವೆ ಬಿದ್ದಾಗ. ಸಣ್ಣ ಟ್ಯೂಬಿನಲ್ಲಿ ಅಥವಾ ಎಣ್ಣೆಯಂಥ ದಪ್ಪ ದ್ರವದಲ್ಲಿ ಹೀಗಾದರೆ f ಎರಡು ಬೆಲೆಗಳ ನಡುವೆ ಜಿಗಿಯುತ್ತಾ ಉತ್ತರ ನೆಲೆಗೊಳ್ಳದೇ ಇರಬಹುದು. ಅಲ್ಲಿ ಹರಿವೇ ಚಂಚಲ, ಲೆಕ್ಕದ ತಪ್ಪಲ್ಲ.

ಬೇರೆ ಬೇರೆ ಅಂಕಿ ಹಾಕಿ ನೋಡಬೇಕಿದ್ದರೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
from math import log10, sqrt, pi
H, L, D = 9.0, 180.0, 0.053
e, K, nu, g = 0.00015, 5.3, 0.9e-6, 9.81
f = 0.25 / log10(e/(3.7*D))**2
for i in range(5):
    V = sqrt(2*g*H / (f*L/D + K))
    Re = V*D/nu
    f = 0.25 / log10(e/(3.7*D) + 5.74/Re**0.9)**2
    print(i+1, round(V, 4), round(Re), round(f, 5))
print("Q =", round(1000*V*pi*D*D/4, 2), "L/s")
```

ನಡುವೆ ಉಬ್ಬು ಇದ್ದರೆ

ಶಕ್ತಿ ಸಮೀಕರಣದಲ್ಲಿ ಪೈಪು ಯಾವ ದಾರಿಯಲ್ಲಿ ಹೋಯಿತು ಎಂಬ ಮಾತೇ ಇಲ್ಲ. ಎರಡು ತುದಿಗಳ ಎತ್ತರ, ಉದ್ದ, ತಿರುವುಗಳು, ಇಷ್ಟೇ. ಇಲ್ಲಿಯೇ ಕಾಗದದ ಲೆಕ್ಕ ಗುಡ್ಡದಲ್ಲಿ ಕೈಕೊಡುವುದು. ಪೈಪು ನೇರ ಇಳಿಯದೆ ಮೊದಲು ಬಹುದೂರ ಸಮತಟ್ಟಾಗಿ ಹೋಗಿ ಆಮೇಲೆ ಧುಮುಕಿದರೆ, ಅಥವಾ ನಡುವೆ ಒಂದು ದಿಬ್ಬ ಹತ್ತಿ ಇಳಿದರೆ, ಆ ಎತ್ತರದ ಜಾಗದಲ್ಲಿ ಒತ್ತಡ ಏನಾಗಿದೆ ಎಂದು ಬೇರೆಯಾಗಿ ನೋಡಲೇಬೇಕು.

ನಮ್ಮ ಪೈಪು ಮೇಲಿನ ತೊಟ್ಟಿಯಿಂದ 100 ಮೀಟರ್ ದೂರದಲ್ಲಿ ಒಂದು ದಿಬ್ಬವನ್ನು ದಾಟುತ್ತದೆ, ಅಲ್ಲಿ ಪೈಪು ಮೇಲಿನ ನೀರಿನ ಮಟ್ಟಕ್ಕಿಂತ 2 ಮೀಟರ್ ಮಾತ್ರ ಕೆಳಗಿದೆ ಎಂದುಕೊಳ್ಳಿ. ಅಲ್ಲಿಯವರೆಗೆ ಬಾಯಿ, ವಾಲ್ವ್, ಎರಡು ಎಲ್ಬೋ ಸೇರಿ K = 2.5. ಈಗ ಶಕ್ತಿ ಸಮೀಕರಣವನ್ನು ಮೇಲಿನ ಮೇಲ್ಮೈಯಿಂದ ದಿಬ್ಬದವರೆಗೆ ಮಾತ್ರ ಬರೆಯಿರಿ. 100 ಮೀಟರ್ ಘರ್ಷಣೆಗೆ 4.73 ಮೀ, ಬಿಡಿ ನಷ್ಟಕ್ಕೆ 0.23 ಮೀ, ವೇಗದ ಹೆಡ್, ಅಂದರೆ `V²/(2g)`, 0.09 ಮೀ, ಒಟ್ಟು 5.05 ಮೀ. ಆದರೆ ಅಲ್ಲಿಯವರೆಗೆ ಸಿಕ್ಕಿರುವ ಇಳಿತ 2 ಮೀಟರ್ ಮಾತ್ರ. ದಿಬ್ಬದಲ್ಲಿ ಒತ್ತಡದ ಹೆಡ್ `2 − 5.05 = −3.05` ಮೀ. ಅಂದರೆ ಅಲ್ಲಿ ಪೈಪಿನೊಳಗೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡವಿದೆ, ಪೈಪು ಹೀರುತ್ತಿದೆ.

ತತ್ತ್ವದ ಪ್ರಕಾರ ಇದರಿಂದ ಹರಿವು ತಕ್ಷಣ ನಿಲ್ಲಬೇಕಾಗಿಲ್ಲ. 1000 ಮೀಟರ್ ಎತ್ತರದ ಊರಿನಲ್ಲಿ ವಾತಾವರಣದ ಒತ್ತಡ ಸುಮಾರು 9.2 ಮೀಟರ್ ನೀರಿನಷ್ಟು, ಸಮುದ್ರ ಮಟ್ಟದಲ್ಲಿದ್ದಂತೆ 10.3 ಅಲ್ಲ. ಅದರಲ್ಲಿ 3 ಮೀಟರ್ ಕಳೆದರೂ ನೀರು ಕುದಿಯುವ ಮಟ್ಟಕ್ಕೆ ಬರುವುದಿಲ್ಲ. ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಒತ್ತಡ ಕಡಿಮೆಯಾದ ಜಾಗದಲ್ಲಿ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಬಿಡುಗಡೆಯಾಗಿ ಪೈಪಿನ ನೆತ್ತಿಯಲ್ಲಿ ಸೇರುತ್ತದೆ. ಹಾಗೆಯೇ ಥ್ರೆಡ್ ಜೋಡಣೆ ತುಸು ಸಡಿಲವಿದ್ದರೆ ಅಲ್ಲಿಂದ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ. ಕೆಳಗಿನ ವಾಲ್ವ್ ಮುಚ್ಚಿದಾಗ ಮಾತ್ರ ಅಲ್ಲಿ ಒತ್ತಡ ಏರಿ ಜೋಡಣೆ ಒದ್ದೆಯಾಗುತ್ತದೆ. ಹರಿಯುವಾಗ ಒಣಗಿದ್ದು, ನಿಂತಾಗ ಜಿನುಗುವ ಜೋಡಣೆ ಕಂಡರೆ ಅದೇ ಕಳ್ಳ ಎಂದು ತಿಳಿಯಿರಿ.

ಹೀಗೆ ಸೇರಿದ ಗಾಳಿ ದಾರಿಯನ್ನು ಕಿರಿದು ಮಾಡುತ್ತಾ ಹೋಗುತ್ತದೆ. ವಾಲ್ವ್ ತೆರೆದ ಹೊತ್ತಿಗೆ ಲೆಕ್ಕದಷ್ಟೇ ಬರುವ ನೀರು, ಕೆಲವು ಗಂಟೆ ಅಥವಾ ದಿನ ಕಳೆದಂತೆ ಇಳಿಯುತ್ತದೆ, ತುದಿಯಲ್ಲಿ ಆಗಾಗ ಗೊಳಗೊಳ ಎಂದು ಗಾಳಿ ಉಗುಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಎಂದರೆ ಮೇಲಿನ ತೊಟ್ಟಿಯ ಹತ್ತಿರದ ವಾಲ್ವನ್ನು ಸ್ವಲ್ಪ ಮುಚ್ಚುವುದು. ಅದು ತಪ್ಪು ವಾಲ್ವ್. ಮೇಲೆ ಮುಚ್ಚಿದರೆ ದಿಬ್ಬಕ್ಕೆ ಮುಂಚೆಯೇ ಇನ್ನಷ್ಟು ನಷ್ಟ ಸೇರುತ್ತದೆ, ಹೀರುವಿಕೆ ಹೆಚ್ಚುತ್ತದೆ. ದಿಬ್ಬದಿಂದ ಕೆಳಗೆ, ಪೈಪಿನ ತುದಿಯ ಹತ್ತಿರ ಇರುವ ವಾಲ್ವನ್ನು ಮುಚ್ಚಬೇಕು. ಎಷ್ಟು? ದಿಬ್ಬದಲ್ಲಿ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯದಂತೆ ಇರಬೇಕಾದರೆ ಅಲ್ಲಿಯವರೆಗಿನ 2 ಮೀಟರ್ ಇಳಿತ ನಷ್ಟಕ್ಕೂ ವೇಗದ ಹೆಡ್‌ಗೂ ಸಾಕಾಗಬೇಕು. ಇದೂ ಅದೇ ಬಗೆಯ ಲೆಕ್ಕ, H ಜಾಗದಲ್ಲಿ 2, L ಜಾಗದಲ್ಲಿ 100, K ಜಾಗದಲ್ಲಿ 2.5 + 1. ಎರಡು ಸುತ್ತು ತಿರುಗಿಸಿದರೆ V = 0.825 ಮೀ/ಸೆ, ಹರಿವು ಸೆಕೆಂಡಿಗೆ 1.82 ಲೀಟರ್. ಅಂದರೆ ಈ ಪೈಪಿನಿಂದ ಹೀರುವಿಕೆ ಇಲ್ಲದೆ, ನೆಮ್ಮದಿಯಿಂದ ಪಡೆಯಬಹುದಾದದ್ದು 2.94 ಅಲ್ಲ, 1.82. ಉಳಿದ 5.4 ಮೀಟರ್ ಹೆಡ್ ಕೆಳಗಿನ ವಾಲ್ವಿನಲ್ಲಿ ವ್ಯರ್ಥವಾಗಬೇಕು.

ಮೇಲಿನ ಭಾಗಕ್ಕೆ ದಪ್ಪ ಪೈಪು: ಹರಿವನ್ನೇ ಊಹಿಸುವ ವಿಧಾನ

ವ್ಯರ್ಥ ಮಾಡಲು ಮನಸ್ಸಿಲ್ಲದಿದ್ದರೆ ದಿಬ್ಬದವರೆಗಿನ 100 ಮೀಟರನ್ನು ಎರಡೂವರೆ ಇಂಚಿನ ಪೈಪಿಗೆ ಬದಲಿಸಬಹುದು, ಒಳವ್ಯಾಸ ಸುಮಾರು 69 ಮಿಮೀ. ಉಳಿದ 80 ಮೀಟರ್ ಹಳೆಯದೇ. ಈಗ ಎರಡು ವ್ಯಾಸ, ಎರಡು ವೇಗ, ಎರಡು f. ಮೊದಲಿನಂತೆ f ಊಹಿಸುವ ಬದಲು ಹರಿವು Q ಅನ್ನೇ ಊಹಿಸುವುದು ಇಲ್ಲಿ ಹಗುರ, ಯಾಕೆಂದರೆ Q ಎರಡೂ ಪೈಪಿಗೆ ಒಂದೇ. ಊಹಿಸಿದ Qಗೆ ಎಷ್ಟು ನಷ್ಟವಾಗುತ್ತದೆ ಎಂದು ನೋಡಿ, ಅದನ್ನು 9 ಮೀಟರಿಗೆ ಹೋಲಿಸಿ, ಹೀಗೆ ತಿದ್ದಿ:

```
Q(ಹೊಸ) = Q(ಹಳೆಯ) × √( H / hL )
```

ನಷ್ಟ ಹೆಚ್ಚುಕಡಿಮೆ Qನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ತಿದ್ದುಪಡಿ ಗುರಿಯ ಹತ್ತಿರಕ್ಕೇ ಎಸೆಯುತ್ತದೆ. ಸುಮ್ಮನೆ ಸ್ವಲ್ಪ ಹೆಚ್ಚಿಸಿ, ಸ್ವಲ್ಪ ತಗ್ಗಿಸಿ ನೋಡುತ್ತಾ ಕೂರುವ ಅಗತ್ಯವಿಲ್ಲ.

ದಪ್ಪ ಪೈಪಿನ K ಮೊದಲಿನಂತೆ 2.5. ಸಣ್ಣ ಪೈಪಿಗೆ ಕಿರಿದಾಗುವ ರೆಡ್ಯೂಸರ್ 0.2, ಎರಡು ಎಲ್ಬೋ 1.8, ತುದಿ 1.0, ಒಟ್ಟು 3.0. ಇವನ್ನು ಸಣ್ಣ ಪೈಪಿನ ವೇಗದ ಹೆಡ್‌ನಿಂದಲೇ ಗುಣಿಸಬೇಕು.

Q = 3.0 ಲೀಟರ್ ಎಂದು ಊಹಿಸೋಣ. ದಪ್ಪ ಪೈಪಿನಲ್ಲಿ ವೇಗ 0.80 ಮೀ/ಸೆ, f = 0.0267, ನಷ್ಟ 1.35 ಮೀ. ಸಣ್ಣದರಲ್ಲಿ ವೇಗ 1.36 ಮೀ/ಸೆ, f = 0.0277, ನಷ್ಟ 4.22 ಮೀ. ಒಟ್ಟು 5.57 ಮೀ. ಇರುವುದು 9, ಹಾಗಾಗಿ ಇನ್ನೂ ಹೆಚ್ಚು ಹರಿಯುತ್ತದೆ. `3.0 × √(9/5.57)` = 3.81. ಈ Qಗೆ ದಪ್ಪದರಲ್ಲಿ 2.14, ಸಣ್ಣದರಲ್ಲಿ 6.72, ಒಟ್ಟು 8.86 ಮೀ. ಮತ್ತೊಮ್ಮೆ ತಿದ್ದಿದರೆ 3.84 ಲೀಟರ್. ಸಾಕು.

ದಿಬ್ಬದಲ್ಲಿ ಈಗ ಒತ್ತಡ ಎಷ್ಟು? ಅಲ್ಲಿಯವರೆಗಿನ ನಷ್ಟ 2.18, ವೇಗದ ಹೆಡ್ 0.05, ಒಟ್ಟು 2.23. ಹೆಡ್ `2 − 2.23 = −0.23` ಮೀ. ಹೀರುವಿಕೆ ಪೂರ್ತಿ ಹೋಗಲಿಲ್ಲ, ಯಾಕೆಂದರೆ ದಾರಿ ಸಲೀಸಾದ ಕೂಡಲೇ ಹರಿವೂ ಹೆಚ್ಚಿತು. ಹಳೆಯ 2.94 ಲೀಟರನ್ನೇ ಹಿಡಿದು ಲೆಕ್ಕ ಹಾಕಿದ್ದರೆ ಒತ್ತಡ ಧನವಾಗಿ ಕಂಡು ಮೋಸಹೋಗುತ್ತಿದ್ದೆವು. ಪೈಪು ಬದಲಿಸಿದಾಗಲೆಲ್ಲ Qಯನ್ನು ಮೊದಲಿಂದ ಹುಡುಕಬೇಕು. ಉಳಿದ ಕಾಲು ಮೀಟರನ್ನು ಕೆಳಗಿನ ವಾಲ್ವ್ ತುಸು ತಿರುಗಿಸಿ ಸರಿಮಾಡಬಹುದು, ಹರಿವು ಆಗಲೂ ಮೂರೂವರೆ ಲೀಟರಿನ ಮೇಲೇ ಇರುತ್ತದೆ.

ಅಳೆದು ನೋಡುವುದು

ಮೂಲ ಪೈಪಿಗೆ ಮರಳೋಣ, ದಿಬ್ಬವಿಲ್ಲದ, 2.94 ಲೀಟರಿನದು. ಬಕೆಟ್ ಹಿಡಿದು ಅಳೆಯಲು ಹೋಗಬೇಡಿ. 20 ಲೀಟರ್ ಬಕೆಟ್ 7 ಸೆಕೆಂಡಿಗೆ ತುಂಬಿಬಿಡುತ್ತದೆ, ಕೈ ಅರ್ಧ ಸೆಕೆಂಡ್ ತಡವಾದರೂ ಶೇ 7 ತಪ್ಪು. ಕೆಳಗಿನ ತೊಟ್ಟಿಯನ್ನೇ ಅಳತೆಪಾತ್ರೆ ಮಾಡಿಕೊಳ್ಳಿ. ಅದು 2 ಮೀಟರ್ ಉದ್ದ, 1.5 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಹೊರಹೋಗುವ ನಲ್ಲಿಗಳನ್ನೆಲ್ಲ ಮುಚ್ಚಿ, ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಐದು ನಿಮಿಷ ಬಿಡಿ. ಮೇಲಿನ ತೊಟ್ಟಿ ತುಂಬಿ ಹೊರಚೆಲ್ಲುತ್ತಿರುವಾಗ ಅಳೆದರೆ ಅಲ್ಲಿನ ಮಟ್ಟ ಬದಲಾಗುವುದಿಲ್ಲ. ಕೆಳಗೆ ನೀರು ಏರಿದಂತೆ H ತುಸು ಕಡಿಮೆಯಾಗುವುದನ್ನೂ ಸೇರಿಸಿದರೆ ಲೆಕ್ಕದ ಪ್ರಕಾರ 29 ಸೆಂಟಿಮೀಟರ್ ಏರಬೇಕು.

27ರಿಂದ 31 ಬಂದರೆ ಲೆಕ್ಕ ಸರಿಯಿದೆ, ಒರಟುತನವೂ K ಬೆಲೆಗಳೂ ಅದಕ್ಕಿಂತ ನಿಖರವಾಗಿ ಯಾರಿಗೂ ಗೊತ್ತಿರುವುದಿಲ್ಲ. 24ರ ಹತ್ತಿರ ಬಂದು, ದಿನವೂ ಅಷ್ಟೇ ಇದ್ದರೆ ಪೈಪಿನೊಳಗೆ ತುಕ್ಕು ಕಟ್ಟಿದೆ ಎಂದು ಶಂಕಿಸಬಹುದು. ಒರಟುತನ 0.5 ಮಿಮೀ, ಒಳವ್ಯಾಸ 52 ಮಿಮೀ ಎಂದು ಹಾಕಿ ಅದೇ ಸುತ್ತು ತಿರುಗಿಸಿದರೆ ಹರಿವು 2.39 ಲೀಟರ್ ಬರುತ್ತದೆ, ಅದು ಐದು ನಿಮಿಷಕ್ಕೆ 24 ಸೆಂಟಿಮೀಟರಿಗೇ ತಾಳೆಯಾಗುತ್ತದೆ. ಬೆಳಿಗ್ಗೆ 29 ಇದ್ದದ್ದು ಸಂಜೆಗೆ 20 ಆದರೆ ತುಕ್ಕಲ್ಲ, ಗಾಳಿ. ದಿಬ್ಬ ಹುಡುಕಿ. ಮೊದಲಿನಿಂದಲೂ ಅರ್ಧಕ್ಕರ್ಧ ಕಡಿಮೆ ಇದ್ದರೆ ವಾಲ್ವಿನ ಒಳಗಿನ ಗೇಟ್ ಕಳಚಿ ಬಿದ್ದಿರಬಹುದು, ಹಿಡಿ ಮಾತ್ರ ತಿರುಗುತ್ತಿರುತ್ತದೆ, ಅಥವಾ ಬಾಯಿಗೆ ಕಟ್ಟಿದ ಜಾಲರಿಯಲ್ಲಿ ಎಲೆ ಸೇರಿದೆ. ಇದನ್ನು ಗೇಜಿನಿಂದಲೇ ಪತ್ತೆ ಮಾಡಬಹುದು. ನೀರು ಹರಿಯುವಾಗ ಮೇಲಿನ ವಾಲ್ವಿನ ಪಕ್ಕದಲ್ಲೇ, ಅದರ ಕೆಳಬದಿಗೆ ಗೇಜ್ ಇಟ್ಟು ನೋಡಿ. ಅಲ್ಲಿಯ ಒತ್ತಡ ಮೇಲಿನ ನೀರಿನ ಮಟ್ಟಕ್ಕೆ ಇರಬೇಕಾದದ್ದಕ್ಕಿಂತ 15 ಸೆಂಟಿಮೀಟರಿನ ಆಸುಪಾಸು ಕಡಿಮೆ ಇರಬೇಕು, ಬಾಯಿ ಮತ್ತು ವಾಲ್ವಿನ ನಷ್ಟವೂ ವೇಗದ ಹೆಡ್ಡೂ ಸೇರಿ ಅಷ್ಟೇ ಆಗುವುದು. ಮೀಟರ್‌ಗಟ್ಟಲೆ ಕಡಿಮೆ ಇದ್ದರೆ ಅಡಚಣೆ ಇರುವುದು ಗೇಜಿಗಿಂತ ಮೇಲೆ, 180 ಮೀಟರ್ ಪೈಪನ್ನು ಅಗೆಯಬೇಕಾಗಿಲ್ಲ.